ಬೆಟ್ಟದ ಮೇಲೆ ನಿದ್ದೆ ಮಾತ್ರೆ ಹಂಚುವ ಪುಣ್ಯಾತ್ಮರಿಗೆ

ಚಾರಣಕ್ಕೆ ಹೊರಟ ಗೆಳೆಯನೊಬ್ಬ ಇವತ್ತು ತನ್ನ ಔಷಧಿ ಡಬ್ಬಿ ತೋರಿಸಿದ. ಬ್ಯಾಂಡೇಜು, ಪ್ಯಾರಾಸಿಟಮಾಲ್, ಜೊತೆಗೆ ಒಂದು ಸ್ಟ್ರಿಪ್ ಆಲ್‌ಪ್ರಜೋಲಮ್. "ಮೇಲೆ ನಿದ್ದೆ ಬರಲ್ವಂತೆ, ಎಲ್ಲರಿಗೂ ಅರ್ಧರ್ಧ ಕೊಡೋಣ ಅಂತ." ಪ್ರಸಾದ ಹಂಚುವ ಉತ್ಸಾಹ! ನಾನು ಜನರನ್ನು ಬೆಟ್ಟಕ್ಕೆ ಕರೆದೊಯ್ಯುವವನು ಅಂತ ನಿಮಗೆಲ್ಲ ಗೊತ್ತು. ಈ ಮಾತ್ರೆ ಕಂಡರೆ ನನಗೆ ಮೈ ಉರಿಯುತ್ತದೆ.

ಮೇಲೆ ನಿದ್ದೆ ಕೆಡುವುದು ಸುಮ್ಮನೆ ಅಲ್ಲ. 4000 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಕೊರತೆ ಗೊತ್ತಾದ ದೇಹ ಜೋರಾಗಿ ಉಸಿರಾಡುತ್ತದೆ. ಆಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡು ಅಂತ ಮೆದುಳಿಗೆ ಹೇಳುವುದು ಮುಖ್ಯವಾಗಿ ಅದೇ ಅನಿಲ, ಹಾಗಾಗಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತೇ ಹೋಗುತ್ತದೆ. ಆಮ್ಲಜನಕ ಕುಸಿದೊಡನೆ ದೇಹ ಏದುಸಿರಿನೊಂದಿಗೆ ಎಬ್ಬಿಸುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ನನಗೂ ಟೆಂಟಿನ ಬಟ್ಟೆ ನೋಡುತ್ತಾ ಬೆಳಗು ಮಾಡುವುದು ಹೊಸದಲ್ಲ, ಬೈದುಕೊಂಡೇ ಮಾಡುತ್ತೇನೆ.

ಆಲ್‌ಪ್ರಜೋಲಮ್, ಡಯಾಜೆಪಾಮ್ ಜಾತಿಯ ಮಾತ್ರೆ ಈ ಎಚ್ಚರಿಕೆಯನ್ನೇ ಮಂಕು ಮಾಡಬಲ್ಲದು. ಆಮ್ಲಜನಕ ಕಡಿಮೆಯಾದರೂ ಉಸಿರು ಜೋರಾಗದು, ಗಂಟಲಿನ ಸ್ನಾಯು ಸಡಿಲ, ಎಚ್ಚರವೂ ತಡ. 4000 ಮೀಟರಿನಲ್ಲಿ ಎಚ್ಚರವಿದ್ದಾಗಲೇ ಆಕ್ಸಿಮೀಟರ್ 85ರ ಆಸುಪಾಸು ತೋರಿಸುತ್ತದೆ, ನಿದ್ದೆಯಲ್ಲಿ ಇನ್ನೂ ಕೆಳಗೆ. ತಲೆನೋವು, ವಾಕರಿಕೆಯಿಂದ ಶುರುವಾಗುವ ಪರ್ವತಕಾಯಿಲೆ ಹುಟ್ಟುವುದೇ ಆ ಕೊರತೆಯಿಂದ. ಅದಕ್ಕೆ ಮಾತ್ರೆ ನುಂಗಿ ಇನ್ನಷ್ಟು ಕೊರತೆ ತಂದುಕೊಳ್ಳುವುದು ಎಂಥ ಜಾಣತನ?

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಸಂಜೆ ಒಬ್ಬನಿಗೆ ತಲೆನೋವು, ವಾಕರಿಕೆ ಅಂತಿಟ್ಟುಕೊಳ್ಳಿ. ಮಾತ್ರೆ ಕೊಟ್ಟು ಮಲಗಿಸಿದಿರಿ. ಬೆಳಿಗ್ಗೆ ಮಂಕಾಗಿ ಎದ್ದ, ಮಾತು ತೊದಲು, ನಡೆದರೆ ತೂರಾಟ. ಮಾತ್ರೆಯ ಅಮಲೋ, ಪರ್ವತಕಾಯಿಲೆ ವಿಪರೀತಕ್ಕೆ ಹೋದಾಗ ಬರುವ ಮೆದುಳಿನ ಊತವೋ? ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡುವ ಪರೀಕ್ಷೆಯೂ ಈಗ ಕೆಲಸಕ್ಕೆ ಬರದು. ಊತವೇ ಅಂತ ತಿಳಿದು ತಕ್ಷಣ ಕೆಳಗಿಳಿಸುವುದೊಂದೇ ದಾರಿ. "ಮಾತ್ರೆ ಮಂಪರು ಬಿಡು" ಅಂದುಕೊಂಡವರು ಕಳೆದುಕೊಳ್ಳುವ ಗಂಟೆಗಳಲ್ಲೇ ಜೀವ ಹೋಗಬಹುದು.

ಜೊಲ್ಪಿಡೆಮ್ ಅನ್ನುವ ಇನ್ನೊಂದು ಜಾತಿಯ ನಿದ್ದೆ ಮಾತ್ರೆ ಉಸಿರಿಗೆ ಅಷ್ಟೇನೂ ಮಾಡಲ್ಲ ಅಂತ ಅಧ್ಯಯನಗಳಿವೆಯಲ್ಲ ಅನ್ನುತ್ತೀರಿ. ಇವೆ, ಆರೋಗ್ಯವಂತರ ಮೇಲೆ, ಅಳೆದ ಪ್ರಮಾಣದಲ್ಲಿ. ಆಗಲೇ ತಲೆನೋವಿನಲ್ಲಿರುವವನಿಗೆ, ಒಂದು ಗುಟುಕು ಮದ್ಯದ ಜೊತೆ, ಯಾರದೋ ಡಬ್ಬಿಯ ಅರ್ಧ ಮಾತ್ರೆಗೆ ಆ ಧೈರ್ಯ ಅನ್ವಯಿಸದು.

ಉಸಿರು ನಿಂತು ಎಚ್ಚರವಾಗುವುದೇ ತೊಂದರೆಯಾದರೆ ಅಸೆಟಜೋಲಮೈಡ್ ಇದೆ. ಮಲಗುವ ಮುಂಚೆ 125 ಮಿ.ಗ್ರಾಂ., ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಂಡು. ಮೂತ್ರಪಿಂಡದಿಂದ ಬೈಕಾರ್ಬೊನೇಟ್ ಹೊರಹಾಕಿಸಿ ಅದು ಉಸಿರಾಟವನ್ನು ಹೆಚ್ಚಿಸುತ್ತದೆ, ಅಂದರೆ ನಿದ್ದೆ ಮಾತ್ರೆಗೆ ತದ್ವಿರುದ್ಧ. ಬೆರಳು ಜುಮ್ಮೆನ್ನುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ, ಅಷ್ಟೇ ರಗಳೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿದ್ದರೆ ಬಹುಪಾಲು ಜನಕ್ಕೆ ಅದೂ ಬೇಕಾಗದು.

"ನಿದ್ದೆ ಇಲ್ಲದೆ ನಾಳೆ ಹೇಗೆ ಹತ್ತಲಿ?" ಅಂತ ಗೆಳೆಯ ಕೇಳಿದ. ತಲೆನೋವು, ವಾಕರಿಕೆ ಇದ್ದರೆ ನಾಳೆ ಹತ್ತುವ ಹಾಗೇ ಇಲ್ಲವಲ್ಲ ಮಾರಾಯ!