ಕಾಲು ಸುತ್ತು ಅಂದರೆ ಎಷ್ಟು?

ನಿನ್ನೆ ರಾತ್ರಿ ಒಂದು ಸಣ್ಣಕಥೆ ಓದಿದೆ. ಬೆಳಗಿನಿಂದ ಅದರ ಬಗ್ಗೆ ಮೂರು ಜನರ ಹತ್ತಿರ ಜಗಳ ಆಡಿದ್ದಾಯಿತು. ನಾಲ್ಕನೆಯವರಿಗೆ ಫೋನಿನಲ್ಲಿ ವಿವರಿಸುವಷ್ಟು ತಾಳ್ಮೆ ಉಳಿದಿಲ್ಲ, ಇಲ್ಲೇ ಬರೆದು ಹಾಕುತ್ತಿದ್ದೇನೆ.

ಕಥೆ ಇಷ್ಟೇ. ಹೊಸ ಕಾರ್ಖಾನೆಯೊಂದಕ್ಕೆ ಸ್ಟೀಮ್ ಲೈನ್ ಹಾಕಿದ್ದಾರೆ, ಅದನ್ನು ಮೊದಲ ಸಲ ಚಾಲೂ ಮಾಡುವ ಕಮಿಷನಿಂಗ್ ದಿನ ಹತ್ತಿರ ಬಂದಿದೆ. ಯಂತ್ರ ಕಳಿಸಿದವರ ಕೈಪಿಡಿ ಜಪಾನೀಸ್ ಭಾಷೆಯಲ್ಲಿದೆ. ಅನುವಾದಕಿಯೊಬ್ಬಳು ಅದನ್ನು ಇಂಗ್ಲಿಷಿಗೆ ತರುತ್ತಾಳೆ. ಒಂದು ವಾಲ್ವಿನ ಹೆಸರು ತಪ್ಪುತ್ತದೆ. ಸ್ಟೀಮ್ ಬಿಟ್ಟ ದಿನ ಪೈಪು ಸುತ್ತಿಗೆಯಲ್ಲಿ ಹೊಡೆದಂತೆ ಬಡಿದುಕೊಂಡು, ಪೈಪಿಗೆ ಪೈಪು ಕೂಡುವ ಫ್ಲೇಂಜಿನ ಗ್ಯಾಸ್ಕೆಟ್ ಕಿತ್ತು ಬರುತ್ತದೆ. ಯಾರಿಗೂ ಏಟಾಗುವುದಿಲ್ಲ. ಕೊನೆಯ ಪುಟದಲ್ಲಿ ಆಕೆ ಕೆಲಸ ಬಿಡುತ್ತಾಳೆ. ಓದಿದವರೆಲ್ಲ "ಅಯ್ಯೋ, ಒಂದು ಪದ ನೋಡಿಕೊಳ್ಳಬಾರದಿತ್ತಾ" ಅಂತ ನಿಟ್ಟುಸಿರು ಬಿಡುತ್ತಿದ್ದಾರೆ.

ನನ್ನ ತಕರಾರು ಆ ನಿಟ್ಟುಸಿರಿನ ಮೇಲೆ.

ಮೊದಲು ಪದ ನೋಡೋಣ. ಮೂಲದಲ್ಲಿ ಇದ್ದದ್ದು 'ತಮಗತ-ಬೆನ್'. ತಮ ಅಂದರೆ ಗುಂಡು, ಚೆಂಡು. ಗತ ಅಂದರೆ ಆಕಾರ. ಬೆನ್ ಅಂದರೆ ವಾಲ್ವ್. ಒಟ್ಟಿಗೆ ಓದಿದರೆ 'ಚೆಂಡಿನಾಕಾರದ ವಾಲ್ವ್'. ಆಕೆ 'ಬಾಲ್ ವಾಲ್ವ್' ಅಂತ ಬರೆದಳು. ಈಗ ಹೇಳಿ, ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ? ಜಪಾನೀಸಿನಲ್ಲಿ ಅದು ಗ್ಲೋಬ್ ವಾಲ್ವ್‌ನ ಹೆಸರು. ವಾಲ್ವಿನ ಹೊರಮೈ ಗುಂಡಗೆ ಉಬ್ಬಿರುತ್ತದಲ್ಲ, ಅದಕ್ಕೆ. ಇಂಗ್ಲಿಷಿನಲ್ಲೂ ಗ್ಲೋಬ್ ಅಂದದ್ದು ಅದೇ ಕಾರಣಕ್ಕೆ. ಬಾಲ್ ವಾಲ್ವಿಗೆ ಜಪಾನೀಯರು ಇಂಗ್ಲಿಷ್ ಪದವನ್ನೇ ಎಳೆದು 'ಬೋರು-ಬೆನ್' ಅನ್ನುತ್ತಾರೆ. ಇನ್ನು ಚೀನೀ ಭಾಷೆಗೆ ಹೋದರೆ ಚೆಂಡು ಅನ್ನುವ ಅಕ್ಷರ ಇರುವುದು ಬಾಲ್ ವಾಲ್ವಿನ ಹೆಸರಿನಲ್ಲಿ. ಅಲ್ಲಿ ಗ್ಲೋಬ್ ವಾಲ್ವಿನ ಹೆಸರಿಗೂ ಚೆಂಡಿಗೂ ಸಂಬಂಧವೇ ಇಲ್ಲ. ಎರಡೂ ಭಾಷೆ ಬಲ್ಲವರಿಗೆ ಹಳ್ಳ ಇನ್ನೂ ಆಳ. ನಾವೇನು ಕಡಿಮೆ? ಯಾರಾದರೂ ಹುಮ್ಮಸ್ಸಿನಿಂದ ಕನ್ನಡಕ್ಕೆ ತಂದರೆ ಎರಡೂ 'ಗೋಳ ಕವಾಟ'ವೇ ಆಗುತ್ತವೆ, ಬೇಕಾದರೆ ಬೆಟ್ ಕಟ್ಟಿ.

ಹೆಸರಿನಲ್ಲಿ ಅಣ್ಣತಮ್ಮಂದಿರು, ಕೆಲಸದಲ್ಲಿ ಅಲ್ಲ. ಗ್ಲೋಬ್ ವಾಲ್ವಿಗೆ ಮೇಲೊಂದು ಚಕ್ರ ಇರುತ್ತದೆ. ತಿರುಗಿಸಿದಂತೆಲ್ಲ ಒಳಗಿನ ಬಿಲ್ಲೆ ಸೀಟಿನಿಂದ ನಿಧಾನ ಮೇಲೇಳುತ್ತದೆ, ಪೂರ್ತಿ ತೆರೆಯಲು ಹಲವು ಸುತ್ತು ಬೇಕು. ಹರಿವನ್ನು ಸ್ವಲ್ಪ ಸ್ವಲ್ಪವೇ ಬಿಡುವುದಕ್ಕೇ ಅದನ್ನು ಮಾಡಿರುವುದು. ಬಾಲ್ ವಾಲ್ವಿಗೆ ಇರುವುದು ಲಿವರ್. ಒಳಗೆ ತೂತು ಕೊರೆದ ಗುಂಡು. ಲಿವರನ್ನು ಕಾಲು ಸುತ್ತು ತಿರುಗಿಸಿದರೆ ತೂತು ಪೈಪಿಗೆ ನೇರವಾಗುತ್ತದೆ, ಅಲ್ಲಿಗೆ ಪೂರ್ತಿ ತೆರೆದಂತೆ. ಅದು ಬಂದ್ ಮಾಡಲು, ಬಿಡಲು ಚೆನ್ನ. ಅರ್ಧ ತೆರೆದು ಸ್ಟೀಮ್ ಬಿಡುತ್ತಾ ಕೂತರೆ ಒಳಗಿನ ಟೆಫ್ಲಾನ್ ಸೀಟನ್ನು ಒದ್ದೆ ಸ್ಟೀಮ್ ಕೊರೆದು ಹಾಕುತ್ತದೆ, ಆಮೇಲೆ ಬಂದ್ ಮಾಡಿದರೂ ಸೋರುತ್ತದೆ.

ಈಗ ಕಥೆಯಲ್ಲಿ ನನಗೆ ಅತಿ ಇಷ್ಟವಾದ, ಯಾರೂ ಗಮನಿಸದ ಸಾಲು. ಕೈಪಿಡಿಯ ಐದನೇ ಹಂತ: "ಬೈಪಾಸಿನ ತಮಗತ-ಬೆನ್ ಅನ್ನು ಕಾಲು ಸುತ್ತು ತೆರೆಯಿರಿ." ಬೈಪಾಸ್ ಅಂದರೆ ಮೇನ್ ವಾಲ್ವಿನ ಪಕ್ಕದ ಸಣ್ಣ ದಾರಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಗ್ಲೋಬ್ ವಾಲ್ವಿನಲ್ಲಿ ಕಾಲು ಸುತ್ತು ಅಂದರೆ ಬಿಲ್ಲೆ ಏಳುವುದು ಹೆಚ್ಚೆಂದರೆ ಒಂದು ಮಿಲಿಮೀಟರ್. ಸ್ಟೀಮ್ ಹಾಗೆ ಸುಯ್ ಅಂತ ನುಸುಳುತ್ತದೆ, ಅಷ್ಟೇ. ಬಾಲ್ ವಾಲ್ವಿನಲ್ಲಿ ಅದೇ ಕಾಲು ಸುತ್ತಿಗೆ ಬಾಗಿಲು ಹಾರುಹೊಡೆದಂತೆ. "ಸಂದರ್ಭ ನೋಡಿದ್ದರೆ ತಪ್ಪು ಗೊತ್ತಾಗುತ್ತಿತ್ತು" ಅನ್ನುವ ಜಾಣರಿದ್ದಾರಲ್ಲ, ಅವರಿಗೆ ಹೇಳುತ್ತೇನೆ: ಆಕೆ ಸಂದರ್ಭ ನೋಡಿದಳು. ಬಾಲ್ ವಾಲ್ವ್ ಕಾಲು ಸುತ್ತಿನದು ಅಂತ ಹುಡುಕಿ ತಿಳಿದುಕೊಂಡಳು. ಮೂಲದಲ್ಲೂ ಕಾಲು ಸುತ್ತು ಅಂತಲೇ ಇತ್ತು. ಸರಿಯಾಯಿತಲ್ಲ ಅಂತ ಮುಂದೆ ಹೋದಳು. ಸಂದರ್ಭವೇ ತಪ್ಪಿಗೆ ಸಾಕ್ಷಿ ಹೇಳಿತು! ನಿಜ ಹೇಳಬೇಕೆಂದರೆ ಮೊದಲ ಓದಿನಲ್ಲಿ ನಾನೂ ಅದನ್ನು ದಾಟಿಕೊಂಡು ಹೋಗಿ ಆಕೆಯನ್ನೇ ಬೈದುಕೊಂಡೆ. ಎರಡನೇ ಸಲ ಓದುವಾಗ ನಾಚಿಕೆಯಾಯಿತು.

ಇನ್ನು ಆ ದಿನ ಆದದ್ದು. ಕಥೆಗಾರರು ಬಾಯ್ಲರಿನ ಒತ್ತಡ 8 ಬಾರ್ ಅಂತ ಕೊಟ್ಟಿದ್ದಾರೆ, 150 ಮಿಲಿಮೀಟರ್ ಪೈಪು, ಉದ್ದ 60 ಮೀಟರ್. ಇಷ್ಟು ಸಾಕು, ಉಳಿದದ್ದನ್ನು ನಾವೇ ಲೆಕ್ಕ ಹಾಕಬಹುದು. ಆ ಅಳತೆಯ ಸಾಮಾನ್ಯ ಉಕ್ಕಿನ ಪೈಪು ಮೀಟರಿಗೆ ಸುಮಾರು 28 ಕಿಲೋ ತೂಗುತ್ತದೆ. 60 ಮೀಟರಿಗೆ 1,700 ಕಿಲೋ ತಣ್ಣನೆ ಉಕ್ಕು. ಅದನ್ನು 30 ಡಿಗ್ರಿಯಿಂದ ಆ ಸ್ಟೀಮಿನ 175 ಡಿಗ್ರಿಗೆ ಏರಿಸಬೇಕು. ಅಷ್ಟು ಶಾಖ ಕೊಡುವ ಹೊತ್ತಿಗೆ ಹತ್ತಿರ ಹತ್ತಿರ 60 ಕಿಲೋ ಸ್ಟೀಮ್ ನೀರಾಗಿ ಪೈಪಿನೊಳಗೇ ಬಿದ್ದಿರುತ್ತದೆ. ನಾಲ್ಕು ದೊಡ್ಡ ಬಕೆಟ್ ನೀರು. ಇದು ಯಾರ ತಪ್ಪೂ ಅಲ್ಲ. ತಣ್ಣನೆ ಪೈಪಿಗೆ ಸ್ಟೀಮ್ ಬಿಟ್ಟರೆ ನೀರಾಗಲೇಬೇಕು. ಪ್ರಶ್ನೆ ಇರುವುದು ಎಷ್ಟು ಹೊತ್ತಿನಲ್ಲಿ ಅಂತ.

ಅದಕ್ಕೇ ಆ ಬೈಪಾಸ್. ದೊಡ್ಡ ಮೇನ್ ವಾಲ್ವಿನ ಪಕ್ಕದಲ್ಲಿ 25 ಮಿಲಿಮೀಟರಿನ ಸಣ್ಣ ದಾರಿ. ಮೇನ್ ಮುಚ್ಚಿಯೇ ಇಟ್ಟು, ಡ್ರೈನ್ ಪೂರ್ತಿ ತೆಗೆದು, ಸಣ್ಣ ದಾರಿಯಿಂದ ಅರ್ಧ ಗಂಟೆ, ಮುಕ್ಕಾಲು ಗಂಟೆ ಸ್ವಲ್ಪ ಸ್ವಲ್ಪ ಸ್ಟೀಮ್ ಬಿಡುವುದು. ಬಿದ್ದ ನೀರು ಬಿದ್ದ ಹಾಗೇ ಡ್ರೈನಿನಿಂದ ಹೋಗುತ್ತಿರುತ್ತದೆ. ಡ್ರೈನಿನಲ್ಲಿ ನೀರು ಬರುವುದು ನಿಂತು ಬರೀ ಸ್ಟೀಮ್ ಬರತೊಡಗಿ, ಎರಡೂ ಕಡೆ ಒತ್ತಡ ಸಮವಾದ ಮೇಲೆ ಮೇನ್ ತೆಗೆಯುವುದು. ಬೈಪಾಸಿನಲ್ಲಿ ಬಾಲ್ ವಾಲ್ವ್ ಇದ್ದು ಅದನ್ನು ಒಮ್ಮೆಗೇ ತೆಗೆದರೆ ಆ 60 ಕಿಲೋ ಎರಡು ಮೂರು ನಿಮಿಷದಲ್ಲೇ ಬೀಳುತ್ತದೆ. ಅರ್ಧ ಇಂಚಿನ ಡ್ರೈನ್ ಎಷ್ಟು ಕುಡಿದೀತು? ನೀರು ಪೈಪು ಜಗ್ಗಿದ ಕಡೆ ನಿಲ್ಲುತ್ತದೆ. ಮೇಲಿಂದ ಸ್ಟೀಮ್ ಓಡುತ್ತಾ ಅದರಲ್ಲಿ ಅಲೆ ಎಬ್ಬಿಸುತ್ತದೆ. ಅಲೆ ಪೈಪಿನ ನೆತ್ತಿ ಮುಟ್ಟಿತೋ, ಹಿಂದಿನ ಸ್ಟೀಮ್ ಆ ನೀರಿನ ಗಡ್ಡೆಯನ್ನು ಬಂದೂಕಿನ ಗುಂಡಿನ ಹಾಗೆ ತಳ್ಳುತ್ತದೆ. ಪೈಪು ತಿರುಗುವ ಎಲ್ಬೋದಲ್ಲಿ ಸ್ಟೀಮ್ ಸಲೀಸಾಗಿ ತಿರುಗುತ್ತದೆ. ಅದಕ್ಕಿಂತ ಇನ್ನೂರು ಪಟ್ಟು ತೂಕದ ನೀರು ತಿರುಗುವುದಿಲ್ಲ, ಹೋಗಿ ಗುದ್ದುತ್ತದೆ. ವಾಟರ್ ಹ್ಯಾಮರ್ ಅನ್ನುವುದು ಇದಕ್ಕೇ. ಕಥೆಯಲ್ಲಿ ಮೊದಲು ಟಿಕ್ ಟಿಕ್, ಆಮೇಲೆ ಒಂದು ಕ್ಷಣ ಮೌನ, ಆಮೇಲೆ ಧಡ್ ಅಂತ ಬರೆದಿದ್ದಾರೆ. ಆ ಟಿಕ್ ಟಿಕ್ ಕೇಳಿದ ಕ್ಷಣವೇ ವಾಲ್ವ್ ಬಂದ್ ಮಾಡಿ ದೂರ ಸರಿಯಬೇಕು. ಎಷ್ಟೋ ಕಡೆ ಗ್ಯಾಸ್ಕೆಟ್ಟಿನ ಬದಲು ವಾಲ್ವಿನ ಎರಕದ ಮೈಯೇ ಸೀಳಿ ಜನ ಸತ್ತಿದ್ದಾರೆ. ಕಥೆಯವರು ಅದೃಷ್ಟವಂತರು.

ಹಾಗಾದರೆ ಬೈಪಾಸಿನಲ್ಲಿ ಬಾಲ್ ವಾಲ್ವ್ ಬಂದದ್ದು ಹೇಗೆ? ಇದು ನನ್ನ ಜಗಳದ ತಿರುಳು. ಕೈಪಿಡಿಯ ಜೊತೆ ವಾಲ್ವ್ ಪಟ್ಟಿಯನ್ನೂ ಆಕೆಯೇ ಅನುವಾದಿಸಿದ್ದಳು. ಅಲ್ಲೂ ತಮಗತ-ಬೆನ್, ಇಲ್ಲೂ ತಮಗತ-ಬೆನ್. ಅಲ್ಲೂ ಬಾಲ್ ವಾಲ್ವ್, ಇಲ್ಲೂ ಬಾಲ್ ವಾಲ್ವ್. ಒಂದು ಪದಕ್ಕೆ ಎಲ್ಲ ಕಡೆ ಒಂದೇ ಪದ ಬಳಸಬೇಕು ಅನ್ನುವುದು ಅನುವಾದದ ಶಿಸ್ತು, ಆಕೆ ಅದನ್ನು ಪಾಲಿಸಿದಳು. ಖರೀದಿಯವರು ಪಟ್ಟಿ ನೋಡಿ ಕೊಂಡರು, ಫಿಟ್ಟರ್ ಕೊಟ್ಟದ್ದನ್ನು ಹಾಕಿದ, ಆಪರೇಟರ್ ಕಾಗದ ನೋಡಿ ಲಿವರ್ ತಿರುಗಿಸಿದ. ತಾಳೆ ನೋಡಿದರೆ ಕಾಗದ, ಪಟ್ಟಿ, ಪೈಪು ಮೂರೂ ಒಂದೇ ಮಾತು ಹೇಳುತ್ತಿದ್ದವು. ಆಕೆ ಒಂದು ಕಡೆ ಬಾಲ್, ಇನ್ನೊಂದು ಕಡೆ ಗ್ಲೋಬ್ ಅಂತ ಎಡವಟ್ಟು ಮಾಡಿದ್ದರೆ ಯಾರಾದರೂ ಕೇಳುತ್ತಿದ್ದರು, ಪ್ಲಾಂಟು ಉಳಿಯುತ್ತಿತ್ತು. ಶ್ರದ್ಧೆಯೇ ಮುಳುವಾಯಿತು ನೋಡಿ.

ಒಂದೇ ಒಂದು ಕಡೆ ಸತ್ಯ ಇತ್ತು, ಪೈಪಿಂಗ್ ಡ್ರಾಯಿಂಗಿನಲ್ಲಿ. ಅಲ್ಲಿ ವಾಲ್ವ್ ಅಂದರೆ ಮೂತಿಗೆ ಮೂತಿ ತಾಗಿಸಿದ ಎರಡು ತ್ರಿಕೋನ. ನಡುವೆ ಕಪ್ಪು ತುಂಬಿದ ಚುಕ್ಕೆ ಇದ್ದರೆ ಗ್ಲೋಬ್, ಬರೀ ಖಾಲಿ ವೃತ್ತ ಇದ್ದರೆ ಬಾಲ್. ಆ ಡ್ರಾಯಿಂಗ್ ಆಕೆಗೆ ಕೊಟ್ಟೇ ಇರಲಿಲ್ಲ. ಯಾಕೆ? "ಅದರಲ್ಲಿ ಅನುವಾದ ಮಾಡುವಂಥದ್ದು ಏನೂ ಇರಲಿಲ್ಲ." ಮ್ಯಾನೇಜರ್ ಪಾತ್ರದ ಬಾಯಲ್ಲಿ ಈ ಮಾತು ಬಂದಾಗ ಪುಸ್ತಕ ಮಗುಚಿಟ್ಟು ಒಂದು ಲೋಟ ನೀರು ಕುಡಿದು ಬಂದೆ. ಪದಕ್ಕೆ ತಕ್ಕಂತೆ ದುಡ್ಡು ಎಣಿಸುವವರಿಗೆ ಪದ ಇಲ್ಲದ ಹಾಳೆ ಕಳಿಸುವುದು ದಂಡ ಅನ್ನಿಸಿರಬೇಕು. ಇನ್ನು ಐದನೇ ಹಂತದಲ್ಲಿ ವಾಲ್ವನ್ನು ಗುರುತಿಸುವ ಟ್ಯಾಗ್ ನಂಬರೂ ಇರಲಿಲ್ಲ. ಇದ್ದಿದ್ದರೆ ಆಕೆ ಏನೇ ಬರೆದರೂ ಯಾರಾದರೂ ನಂಬರ್ ಹಿಡಿದು ಡ್ರಾಯಿಂಗ್ ತೆಗೆದು ನೋಡುವ ದಾರಿ ಉಳಿಯುತ್ತಿತ್ತು. ಆಗ ಕಪ್ಪು ಚುಕ್ಕೆ ಕಣ್ಣಿಗೆ ಬೀಳುತ್ತಿತ್ತು.

"ಹಾಗಂತ ಅನುವಾದಕಿಯ ತಪ್ಪೇ ಇಲ್ಲವಾ?" ಅಂತ ಬೆಳಗ್ಗೆ ಗೆಳತಿ ಕೇಳಿದಳು. ಇದೆ ಮಾರಾಯ್ತಿ. ಒಂದು ಪ್ರಶ್ನೆ ಕಳಿಸಬೇಕಿತ್ತು: "ಈ ವಾಲ್ವಿಗೆ ಚಕ್ರ ಇದೆಯೋ, ಲಿವರ್ ಇದೆಯೋ?" ಅಷ್ಟೇ. ಎಂಜಿನಿಯರಿಂಗ್ ಓದದವರೂ ಕೇಳಬಹುದಾದ ಪ್ರಶ್ನೆ, ಉತ್ತರ ಒಂದೇ ಪದ. ಆದರೆ ಎರಡು ರಾತ್ರಿಯಲ್ಲಿ ಮುಗಿಸು ಅಂದವರು ಪ್ರಶ್ನೆ ಕೇಳಲು ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ಆಕೆಯ ತಪ್ಪನ್ನು ಒಪ್ಪಿ, ಅಲ್ಲೇ ಪಕ್ಕಕ್ಕಿಟ್ಟೆ. "ಸೈಟಿನ ಎಂಜಿನಿಯರಿಗೆ ಕಣ್ಣಿರಲಿಲ್ಲವಾ?" ಅನ್ನುವುದು ಇನ್ನೊಂದು ವಾದ. ಅದಕ್ಕೆ ಉತ್ತರ ಅವರನ್ನೇ ಕೇಳಿ. ಕಥೆಯಲ್ಲಿ ಅವರು ಕೆಲಸ ಬಿಡಲಿಲ್ಲ ಅನ್ನುವುದಷ್ಟೇ ನನಗೆ ಕಂಡದ್ದು.

ಕಥೆಯ ಕೊನೆಯಲ್ಲಿ ಗ್ಲೋಬ್ ವಾಲ್ವ್ ತಂದು ಹಾಕುತ್ತಾರೆ. ಕಾಲು ಸುತ್ತು ತೆಗೆಯುತ್ತಾರೆ. ಡ್ರೈನಿನಿಂದ ಮೊದಲು ತುಕ್ಕು ಬಣ್ಣದ ನೀರು, ಆಮೇಲೆ ತಿಳಿ ನೀರು, ನಲವತ್ತು ನಿಮಿಷದ ನಂತರ ಒಣ ಸ್ಟೀಮ್. ಎಲ್ಲರೂ ಕೈಕುಲುಕುತ್ತಾರೆ. ಆ ಎರಡು ಪುಟ ತಿರುವಿ ತಿರುವಿ ಹುಡುಕಿದೆ, ವಾಲ್ವ್ ಪಟ್ಟಿಯನ್ನು ತಿದ್ದಿದ ಮಾತು ಎಲ್ಲೂ ಇಲ್ಲ. ಕಥೆಗಾರರು ಬೇಕೆಂದೇ ಬಿಟ್ಟರೋ, ಮರೆತರೋ ಗೊತ್ತಿಲ್ಲ. ಅನುವಾದಕಿ ಹೋದಳು, ಆಕೆಯ 'ಬಾಲ್ ವಾಲ್ವ್, 25 ಮಿಲಿಮೀಟರ್' ಫೈಲಿನಲ್ಲಿ ಹಾಗೇ ಕೂತಿದೆ, ಮುಂದಿನ ಸಲ ಸ್ಪೇರ್ ತರಿಸುವವರ ದಾರಿ ಕಾಯುತ್ತಾ.