ಲೈನಿಗೊಂದು ರೂಪಾಯಿ: ನಮ್ಮ ಗೋದಾಮಿನ ಇನ್ಸೆಂಟಿವ್ ಲೆಕ್ಕ

ಶಿರಸಿಯಲ್ಲಿ ಔಷಧಿಗಳ ಸಗಟು ವ್ಯಾಪಾರ ನಡೆಸುವ ನಾನು, ಗೋದಾಮಿನಲ್ಲಿ ಮಾಲು ತೆಗೆಯುವ ನಾಲ್ವರು ಹುಡುಗರಿಗೆ ವೇಗದ ಮೇಲೆ ಇನ್ಸೆಂಟಿವ್ ಕೊಡಲು ಹೋಗಿ ಏನು ತಪ್ಪು ಮಾಡಿದೆ, ಅದನ್ನು ಹೇಗೆ ತಿದ್ದಿಕೊಂಡೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಕಿರಾಣಿ, ಬಿಡಿಭಾಗ, ಪುಸ್ತಕ, ಯಾವುದರ ಗೋದಾಮು ಇದ್ದವರಿಗೂ ಲೆಕ್ಕದ ಅಂಕಿಗಳು ಬದಲಾಗಬಹುದು. ಆದರೆ ಎಡವುವ ಕಲ್ಲು ಇದೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕೆಲಸದ ರೀತಿ ಹೀಗಿದೆ. ಹಿಂದಿನ ಸಂಜೆ ಬಂದ ಆರ್ಡರುಗಳ ಸ್ಲಿಪ್‌ಗಳು ಬೆಳಿಗ್ಗೆ 7:45ಕ್ಕೆ ಮುದ್ರಣವಾಗಿ ಸಿದ್ಧವಿರುತ್ತವೆ. ಒಂದೊಂದು ಸ್ಲಿಪ್ ಒಂದೊಂದು ಅಂಗಡಿಯದು, ಅದರ ಒಂದೊಂದು ಸಾಲಿಗೆ ನಾವು ಲೈನು ಎನ್ನುತ್ತೇವೆ. ಪಿಕ್ಕರ್ ಟ್ರೇ ಹಿಡಿದು ರ‍್ಯಾಕಿನಿಂದ ರ‍್ಯಾಕಿಗೆ ನಡೆದು, ಹೆಸರು, ಸ್ಟ್ರೆಂತ್, ಬ್ಯಾಚ್, ಎಕ್ಸ್‌ಪೈರಿ ನೋಡಿ, ಎಣಿಸಿ ಹಾಕಿಕೊಂಡು ಪರೀಕ್ಷಿಸುವ ಟೇಬಲ್ಲಿಗೆ ತರಬೇಕು. ಕುಮಟಾ, ಅಂಕೋಲಾ, ಕಾರವಾರದ ಮಾಲು ಹೊತ್ತ ವ್ಯಾನು ದೇವಿಮನೆ ಘಟ್ಟ ಇಳಿಯಲು ಮಧ್ಯಾಹ್ನ ಒಂದು ಗಂಟೆ ದಾಟುವುದರೊಳಗೆ ಹೊರಡಲೇಬೇಕು. ಮಳೆಗಾಲದಲ್ಲಿ ಜ್ವರ, ಕೆಮ್ಮಿನ ಔಷಧಿಗಳಿಂದಾಗಿ ದಿನಕ್ಕೆ 1300 ಲೈನು ಬರತೊಡಗಿದಾಗ, ನಾಲ್ವರೂ ಸೇರಿ 1000 ಲೈನು ತೆಗೆಯುವಷ್ಟರಲ್ಲಿ ವ್ಯಾನಿನ ಹೊತ್ತಾಗುತ್ತಿತ್ತು ಮತ್ತು ಉಳಿದ 300 ಲೈನು ಮರುದಿನಕ್ಕೆ ಹೋಗುತ್ತಿತ್ತು.

ನಾನು ಕಂಡುಕೊಂಡ ಪರಿಹಾರ ಬಹಳ ಸರಳವಾಗಿತ್ತು: ದಿನಕ್ಕೆ 250 ಲೈನಿನ ಮೇಲೆ ಪ್ರತಿ ಲೈನಿಗೆ ಒಂದು ರೂಪಾಯಿ. ಎರಡೇ ವಾರದಲ್ಲಿ ಎಲ್ಲರೂ 325ಕ್ಕೆ ಮುಟ್ಟಿದರು, ವ್ಯಾನು ಹೊತ್ತಿಗೆ ಸರಿಯಾಗಿ ಹೊರಟಿತು, ನಾನು ಬೀಗಿದೆ.

ಮೂರನೆಯ ವಾರದಿಂದ ಫೋನು ಬರತೊಡಗಿದವು. ಮೊದಲು ದಿನಕ್ಕೆ ಮೂರು ದೂರು ಇದ್ದದ್ದು ಒಂಬತ್ತಾಯಿತು. ಕುಮಟಾದ ಒಂದು ಅಂಗಡಿಗೆ ಮೆಟ್‌ಫಾರ್ಮಿನ್ 500ರ ಬದಲು 1000 ಹೋಗಿತ್ತು. ಅಂಗಡಿಯವರು ಕೌಂಟರಿನಲ್ಲೇ ಗಮನಿಸಿ ಕರೆ ಮಾಡಿದ್ದರಿಂದ ರೋಗಿಯ ಕೈಗೆ ಹೋಗುವುದು ತಪ್ಪಿತು. ಆ ಟ್ರೇ ತುಂಬಿದ ಹುಡುಗನನ್ನು ಕರೆದು ಕೇಳಿದಾಗ ಅವನು ತಲೆ ತಗ್ಗಿಸದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಣ್ಣಾ, ಲೈನಿಗೆ ಒಂದು ರೂಪಾಯಿ ಅಂದ್ರಿ. ಸ್ಟ್ರೆಂತ್ ನೋಡಲಿಕ್ಕೆ ಎಷ್ಟು ಅಂತ ನೀವು ಹೇಳಲೇ ಇಲ್ಲ." ಒಬ್ಬನ ಕೈಯಲ್ಲಿ ಅಳೆಯಬಹುದಾದ ಕೆಲಸವೊಂದು, ಅಳೆಯಲು ಕಷ್ಟವಾದ ಕೆಲಸವೊಂದು ಇದ್ದಾಗ, ಮೊದಲನೆಯದಕ್ಕಷ್ಟೇ ಹಣ ಕೊಟ್ಟರೆ ಎರಡನೆಯದು ಸೊರಗುತ್ತದೆ ಎಂಬುದನ್ನು ಬೆಂಗ್ಟ್ ಹಾಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್ಗ್ರಾಮ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲೇ ಗಣಿತದಲ್ಲಿ ತೋರಿಸಿದ್ದಾರೆ. ನಮ್ಮ ಹುಡುಗ ಅದನ್ನೇ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ.

ಆ ರಾತ್ರಿ ಲೆಕ್ಕ ಹಾಕಿದೆ. 7:45ರಿಂದ ಒಂದು ಗಂಟೆಯವರೆಗೆ 250 ಲೈನು ಎಂದರೆ ಒಂದು ಲೈನಿಗೆ ಸುಮಾರು 75 ಸೆಕೆಂಡು. 325 ಎಂದರೆ 58 ಸೆಕೆಂಡು. ಉಳಿಸಿದ 17 ಸೆಕೆಂಡು ಎಲ್ಲಿಂದ ಬಂತು? ಗಡಿಯಾರ ಹಿಡಿದು ನಿಂತು ನೋಡಿದರೆ, ಬೇಗ ನಡೆದು ಉಳಿಯುವುದು ನಾಲ್ಕೈದು ಸೆಕೆಂಡು ಮಾತ್ರ, ಏಕೆಂದರೆ ರ‍್ಯಾಕುಗಳ ನಡುವಿನ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ನಿಲ್ಲಲೇಬೇಕು. ಉಳಿದದ್ದೆಲ್ಲ ಸ್ಟ್ರಿಪ್ಪಿನ ಮೇಲಿನ ಅಕ್ಷರ ಓದುವ, ಎರಡನೆಯ ಸಲ ಎಣಿಸುವ ಹೊತ್ತಿನಿಂದಲೇ ಬಂದಿತ್ತು. ಹಣದ ಲೆಕ್ಕವೂ ಅಷ್ಟೇ ಕೆಟ್ಟದಾಗಿತ್ತು. ನಾಲ್ವರಿಗೆ ದಿನಕ್ಕೆ ಕೊಡುತ್ತಿದ್ದದ್ದು 300 ರೂಪಾಯಿ. ಲೈನು ಹೆಚ್ಚಿದ್ದರಿಂದ ಸಹಜವಾಗಿ ಹೆಚ್ಚುವ ಒಂದು ದೂರನ್ನು ಬಿಟ್ಟರೂ ಹೊಸದಾಗಿ ಐದು ತಪ್ಪು. ಒಂದು ತಪ್ಪಿಗೆ ಕ್ರೆಡಿಟ್ ನೋಟು, ಮಾಲು ವಾಪಸು ತರುವುದು, ಮತ್ತೆ ಕಳಿಸುವುದು ಎಂದು ಕನಿಷ್ಠ 110 ರೂಪಾಯಿ ಹಿಡಿದರೆ 550. ಅಂದರೆ ವೇಗಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚಿನದು ತಪ್ಪು ತಿದ್ದಲು ಹೋಗುತ್ತಿತ್ತು.

ಇವು ಫೋನಿನಲ್ಲಿ ಬಂದ ತಪ್ಪುಗಳು. ಯಾರೂ ಫೋನು ಮಾಡದ ತಪ್ಪುಗಳು ಮೂರು ಬಗೆಯವು, ಮತ್ತು ನನ್ನ ಅನುಭವದಲ್ಲಿ ಅವೇ ಹೆಚ್ಚು ಅಪಾಯಕಾರಿ. ಮೊದಲನೆಯದು ಸ್ಲಿಪ್ ಆಯ್ಕೆ: ಹತ್ತಿರದ ರ‍್ಯಾಕಿನ ಲೈನುಗಳಿರುವ ಸ್ಲಿಪ್‌ಗಳು ಬೆಳಿಗ್ಗೆಯೇ ಖಾಲಿಯಾಗುತ್ತಿದ್ದವು, ಏಣಿ ಹತ್ತಬೇಕಾದ, ಫ್ರಿಜ್ಜಿನ ಇನ್ಸುಲಿನ್ ಇರುವ ಉದ್ದನೆಯ ಸ್ಲಿಪ್‌ಗಳು ಹನ್ನೆರಡು ಗಂಟೆಗೂ ಡಬ್ಬಿಯ ತಳದಲ್ಲೇ ಇರುತ್ತಿದ್ದವು. ಎರಡನೆಯದು ಸುಳ್ಳು ಶಾರ್ಟ್: ಕೆಳಗಿನ ಖಾನೆ ಖಾಲಿಯಾಗಿದ್ದರೆ ಮೇಲಿನ ಔಟರ್ ಎಂಬ ದೊಡ್ಡ ಪೆಟ್ಟಿಗೆ ಒಡೆಯುವ ಗೋಜಿಗೆ ಹೋಗದೆ ಸ್ಲಿಪ್ಪಿನಲ್ಲಿ ಮಾಲಿಲ್ಲ ಎಂಬರ್ಥದಲ್ಲಿ ಶಾರ್ಟ್ ಎಂದು ಬರೆದು ಮುಂದೆ ಹೋಗುವುದು. ಶಾರ್ಟ್ ಬರೆದ ಲೈನುಗಳನ್ನು ಅದೇ ಸಂಜೆ ಕಂಪ್ಯೂಟರಿನ ಸ್ಟಾಕಿನೊಂದಿಗೆ ಹೋಲಿಸಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ನಾನು ಹೋಲಿಸಿರಲಿಲ್ಲ, ಅಷ್ಟೇ. ಮೂರನೆಯದು ಎಕ್ಸ್‌ಪೈರಿಯ ಸರದಿ ತಪ್ಪಿಸುವುದು. ಮೊದಲು ಮುಗಿಯುವ ಬ್ಯಾಚ್ ಮೊದಲು ಹೋಗಬೇಕು. ಆದರೆ ಹೊಸ ಮಾಲು ಮುಂದೆ ಇದ್ದರೆ ಕೈಗೆ ಸಿಗುವುದು ಅದೇ. ಹೊಸ ಬ್ಯಾಚ್ ಸಿಕ್ಕಿದ ಅಂಗಡಿಯವರು ದೂರು ಕೊಡುವುದಿಲ್ಲ, ಸಂತೋಷಪಡುತ್ತಾರೆ. ನಾಲ್ಕು ತಿಂಗಳ ನಂತರ ಖಾನೆಯ ಹಿಂಬದಿಯಿಂದ ಅವಧಿ ಮುಗಿಯಲು ಬಂದ ಸ್ಟ್ರಿಪ್‌ಗಳ ರಾಶಿ ಹೊರಬಿದ್ದಾಗಲೇ ನಮಗೆ ಗೊತ್ತಾಗುವುದು.

ಹೊಸ ಯೋಜನೆಯಲ್ಲಿ ನಾನು ಮೊದಲು ಬದಲಿಸಿದ್ದು ಅಳತೆಗೋಲನ್ನು. ಲೈನಿನ ಬದಲು ಪಾಯಿಂಟು ಬಂತು: ನಿಂತಲ್ಲಿಂದ ಕೈಗೆಟುಕುವ ಲೈನಿಗೆ ಒಂದು, ಏಣಿ ಹತ್ತುವುದಕ್ಕೆ ಅಥವಾ ಫ್ರಿಜ್ಜಿಗೆ ಎರಡು, ಪ್ರತಿ ಸ್ಲಿಪ್ಪಿಗೆ ಪ್ರತ್ಯೇಕವಾಗಿ ಎರಡು. ಏಣಿಗೆ ಎರಡು ಪಾಯಿಂಟು ಕೊಟ್ಟ ಮೇಲೆ ಕೆಳಗಿನ ಖಾನೆಯ ಮೇಲೆ ಕಾಲಿಟ್ಟು ಹತ್ತುವ ಚಾಳಿಯೂ ಕಡಿಮೆಯಾಯಿತು, ಇದು ನಾನು ಎಣಿಸಿರದ ಲಾಭ. ಸ್ಲಿಪ್‌ಗಳನ್ನು ವ್ಯಾನಿನ ದಾರಿಯ ಕ್ರಮದಲ್ಲಿ ಮೇಲಿನಿಂದಲೇ ತೆಗೆದುಕೊಳ್ಳಬೇಕು, ಆರಿಸುವಂತಿಲ್ಲ. ನಿಜವಾದ ಶಾರ್ಟಿಗೆ ಪೂರ್ತಿ ಪಾಯಿಂಟು ಸಿಗುತ್ತದೆ, ಆದರೆ ಇನ್ನೊಬ್ಬರು ಹೋಗಿ ನೋಡಿ ಸಹಿ ಹಾಕಿದ ಮೇಲೆ ಮಾತ್ರ. ಮಾಲು ಸಿಕ್ಕಿದರೆ ಅದು ಒಂದು ತಪ್ಪು ಎಂದು ಲೆಕ್ಕಕ್ಕೆ ಬರುತ್ತದೆ. ಎಕ್ಸ್‌ಪೈರಿಯ ಸರದಿಯನ್ನು ಹಣಕ್ಕೆ ಕಟ್ಟಲಿಲ್ಲ, ಏಕೆಂದರೆ ಯಾರು ತಪ್ಪಿಸಿದರು ಎಂದು ಆಮೇಲೆ ಹೇಳಲು ಬರುವುದಿಲ್ಲ. ಅದರ ಬದಲು ಪ್ರತಿ ಶನಿವಾರ ಎರಡು ರ‍್ಯಾಕುಗಳನ್ನು ನಾನೇ ನೋಡುತ್ತೇನೆ.

ವೇಗದ ಹಣಕ್ಕೆ ಮಿತಿಯನ್ನೂ ಹಾಕಿದೆ. ದಿನಕ್ಕೆ 350 ಪಾಯಿಂಟಿನ ಮೇಲೆ ಪಾಯಿಂಟಿಗೆ 80 ಪೈಸೆ, ಆದರೆ 440ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ವೇಗವಾಗಿ ಹೋದವನು ಓದದೆ ಹೋಗುತ್ತಿದ್ದಾನೆ ಎಂದೇ ಅರ್ಥ, ಮತ್ತು ವ್ಯಾನು ಹೊರಟ ಮೇಲೆ ಆ ವೇಗದಿಂದ ನನಗಾಗುವ ಪ್ರಯೋಜನವೂ ಇಲ್ಲ. ಪೂರ್ತಿ ಗಳಿಸಿದರೆ ದಿನಕ್ಕೆ 72 ರೂಪಾಯಿ, 26 ದಿನಕ್ಕೆ 1872.

ಇನ್ನು ತಪ್ಪಿನ ಲೆಕ್ಕ. ಇಲ್ಲಿಯೇ ನಾನು ಹೆಚ್ಚು ದಿನ ತಲೆ ಕೆಡಿಸಿಕೊಂಡದ್ದು. ಪರಿಚಯದ ವ್ಯಾಪಾರಿಯೊಬ್ಬರು ಪ್ರತಿ ತಪ್ಪಿಗೆ ಸಂಬಳದಿಂದಲೇ ಹಿಡಿಯಿರಿ ಎಂದರು. ಸಂಬಳದಿಂದ ಹಿಡಿಯಲು ಕಾನೂನಿನಲ್ಲಿ ಗಟ್ಟಿ ಕಟ್ಟುಪಾಡುಗಳಿವೆ, ದಂಡ ಎಂದು ಹಾಕುವುದು ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಂಬಳಕ್ಕೆ ಕೈ ಹಾಕಿದ ದಿನದಿಂದ ಎಲ್ಲರೂ ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ. ಆದ್ದರಿಂದ ತಪ್ಪು ತಿನ್ನುವುದು ಇನ್ಸೆಂಟಿವ್ ಹಣವನ್ನು ಮಾತ್ರ, ಅದೂ ಸೊನ್ನೆಯವರೆಗೆ. ಟೇಬಲ್ಲಿಗೆ ಟ್ರೇ ಒಪ್ಪಿಸುವ ಮೊದಲು ತಾನೇ ಕಂಡು ತಿದ್ದಿಕೊಂಡ ತಪ್ಪಿಗೆ ಲೆಕ್ಕವೇ ಇಲ್ಲ.

ಮೊದಲ ತಿಂಗಳು ಹಣವಿಲ್ಲದೆ ತಪ್ಪುಗಳನ್ನು ಎಣಿಸಿದೆವು ಅಷ್ಟೇ. ಒಬ್ಬೊಬ್ಬರಿಗೆ ತಿಂಗಳಿಗೆ ಸುಮಾರು 26 ಬಂತು. ಈ ಗಾತ್ರದ ಎಣಿಕೆಯಲ್ಲಿ, ಕೆಲಸಗಾರ ಒಂದೇ ರೀತಿ ದುಡಿದರೂ ಸಂಖ್ಯೆ ತಾನಾಗಿಯೇ ಅದರ ವರ್ಗಮೂಲದಷ್ಟು, ಅಂದರೆ ಐದರಷ್ಟು ಮೇಲೆ ಕೆಳಗೆ ಆಡುತ್ತಿರುತ್ತದೆ. ಹಾಗಾಗಿ ಈ ತಿಂಗಳು 22, ಮುಂದಿನ ತಿಂಗಳು 30 ಬಂದರೆ ಅವನು ಹಾಳಾದ ಎನ್ನುವಂತಿಲ್ಲ. ವಾರದ ಲೆಕ್ಕ ಹಿಡಿದರೆ ಇನ್ನೂ ಕಷ್ಟ: ಸರಾಸರಿ ಆರು, ಆಟ ಎರಡೂವರೆ, ಅಲ್ಲಿ ಬೋನಸ್ಸು ಲಾಟರಿಯಾಗುತ್ತದೆ. ಆದ್ದರಿಂದ ಲೆಕ್ಕ ತಿಂಗಳಿಗೊಮ್ಮೆ, 30 ತಪ್ಪಿನವರೆಗೆ ಏನೂ ಕಡಿತವಿಲ್ಲ, ಆಮೇಲೆ ಪ್ರತಿ ತಪ್ಪಿಗೆ 50 ರೂಪಾಯಿ ಇಳಿಯುತ್ತದೆ. 31ನೆಯ ತಪ್ಪಿಗೆ ಅರ್ಧ ಬೋನಸ್ಸೇ ಹೋಗುತ್ತದೆ ಎಂಬ ಮೆಟ್ಟಿಲು ಇಟ್ಟಿದ್ದರೆ ತಿಂಗಳ ಕೊನೆಯಲ್ಲಿ ಟೇಬಲ್ಲಿನ ಮುಂದೆ ಜಗಳವೇ ಆಗುತ್ತಿತ್ತು. ಇಳಿಜಾರಿನಲ್ಲಿ ಒಂದು ತಪ್ಪು ಎಂದರೆ ಒಂದು ತಪ್ಪು ಮಾತ್ರ. 110ರ ಬದಲು 50 ಏಕೆಂದರೆ, ಖಾನೆಯಲ್ಲಿ ಮಾಲು ಜೋಡಿಸಿದವನೇ 500ರ ಜಾಗದಲ್ಲಿ 1000 ಇಟ್ಟಿದ್ದರೆ ಪಿಕ್ಕರಿನ ಪಾಲು ಅರ್ಧವೇ.

ಟೇಬಲ್ಲಿನಲ್ಲಿ ಪರೀಕ್ಷಿಸುವವರ ಸಂಬಳ ಸ್ಥಿರವಾದದ್ದು. ಹಿಡಿದ ತಪ್ಪಿಗೆ ಅವರಿಗೆ ಹಣವಿಲ್ಲ, ಬಿಟ್ಟ ತಪ್ಪಿಗೆ ಕಡಿತವಿಲ್ಲ. ಆದರೆ ಅವರು ನೋಡುತ್ತಿದ್ದಾರೆಯೇ ಎಂದು ತಿಳಿಯಬೇಕಲ್ಲ? ತಿಂಗಳಲ್ಲಿ 40 ಟ್ರೇಗಳಲ್ಲಿ ನಾನೇ ಬೇಕೆಂದು ಒಂದು ತಪ್ಪು ಸ್ಟ್ರಿಪ್ ಸೇರಿಸುತ್ತೇನೆ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಮೊದಲ ತಿಂಗಳು 34 ಸಿಕ್ಕವು. ಆರು ದಾಟಿ ಹೋದವು ಎಂದ ಮೇಲೆ ನಮ್ಮ ಲೆಕ್ಕದ ತಪ್ಪುಗಳೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಕಾಣುತ್ತಿವೆ ಎಂದು ತಿಳಿಯಿತು. (ಆ ಆರನ್ನು ವ್ಯಾನಿಗೆ ಹತ್ತುವ ಮೊದಲು ನಾನೇ ತೆಗೆದೆ.)

ಈಗ ಮೂರು ತಿಂಗಳಾಗಿದೆ. ವೇಗ ಮೊದಲಿನ ಯೋಜನೆಯ 325ಕ್ಕೆ ಮರಳಿಲ್ಲ, ಒಬ್ಬರಿಗೆ ಸುಮಾರು 300 ಲೈನು ಆಗುತ್ತದೆ. ಅಂಗಡಿಗಳ ದೂರು ದಿನಕ್ಕೆ ಎರಡಕ್ಕೆ ಇಳಿದಿದೆ. 1300ರಲ್ಲಿ ಉಳಿದ 100 ಲೈನಿಗೆ ದರ ಏರಿಸುವ ಆಸೆ ಬಂದಿತ್ತು. ಅದರ ಬದಲು ಅತಿ ಹೆಚ್ಚು ಓಡುವ 60 ಔಷಧಿಗಳನ್ನು ಟೇಬಲ್ಲಿನ ಪಕ್ಕದ ರ‍್ಯಾಕಿಗೆ ತಂದೆ, ಒಂದೇ ಹೆಸರಿನ ಬೇರೆ ಸ್ಟ್ರೆಂತ್‌ಗಳನ್ನು ಬೇರೆ ಬೇರೆ ಸಾಲಿಗೆ ಹಾಕಿದೆ. ಈ ವಾರ ನಾಲ್ಕು ದಿನ ವ್ಯಾನು ಪೂರ್ತಿ ಮಾಲಿನೊಂದಿಗೆ ಹೊತ್ತಿಗೆ ಸರಿಯಾಗಿ ಹೊರಟಿದೆ. ಐದನೆಯ ದಿನ ಹನ್ನೊಂದಕ್ಕೆ ಕರೆಂಟು ಹೋಗಿ, ಹಿಂದಿನ ಓಣಿಯಲ್ಲಿ ಟಾರ್ಚ್ ಹಿಡಿದು ಬ್ಯಾಚ್ ಓದಬೇಕಾಯಿತು. ಅಂಥ ದಿನದ ಪಾಯಿಂಟನ್ನು ಹೇಗೆ ಎಣಿಸಬೇಕು ಎಂದು ನಾಲ್ವರೂ ಕೇಳಿದ್ದಾರೆ. ಸದ್ಯಕ್ಕೆ ಆ ದಿನಕ್ಕೆ ಅವರವರ ತಿಂಗಳ ಸರಾಸರಿಯನ್ನೇ ಕೊಡುವುದೆಂದು ಒಪ್ಪಿದ್ದೇನೆ.