ಮೂರು ಸಾಕ್ಷಿ, ಸಾವಿರ ಎಲೆ

1954ರ ವಿಶೇಷ ವಿವಾಹ ಕಾಯ್ದೆಯಂತೆ ಮದುವೆಯಾಗಲು ಗಂಡು, ಹೆಣ್ಣು, ವಿವಾಹಾಧಿಕಾರಿಯ ಜೊತೆ ಮೂವರು ಸಾಕ್ಷಿಗಳಿದ್ದರೆ ಸಾಕು. ಅದರ ಮರುವರ್ಷ ಬಂದ ಹಿಂದೂ ವಿವಾಹ ಕಾಯ್ದೆ, ಸಪ್ತಪದಿ ಇರುವ ಕಡೆ ಏಳನೆಯ ಹೆಜ್ಜೆ ಇಟ್ಟ ಕೂಡಲೇ ಮದುವೆ ಮುಗಿಯಿತು ಎನ್ನುತ್ತದೆ. ಒಬ್ಬಟ್ಟಿನ ಪ್ರಸ್ತಾಪ ಎರಡರಲ್ಲೂ ಇಲ್ಲ. ಆದರೂ ನಾವು ಛತ್ರ ಹಿಡಿದು, ಸಾಲ ಮಾಡಿ, ಸಾವಿರ ಎಲೆ ಹಾಕಿಸುತ್ತೇವೆ.

ಇಂಥದ್ದನ್ನು ಕಂಡು ‘ದುಂದು’ ಎಂದು ಮೂಗು ಮುರಿಯುವ ಮೊದಲು ಸ್ವಲ್ಪ ನಿಲ್ಲಿ ಎಂದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. 1949ರಲ್ಲಿ ಅವರು ಕೊಟ್ಟ ಉದಾಹರಣೆ ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಮಳೆಯ ಆಚರಣೆ. ಮಳೆ ಬರಲಿ ಎಂಬುದು ಅದರ ವ್ಯಕ್ತ ಕಾರ್ಯ. ಎಲ್ಲರಿಗೂ ಗೊತ್ತಿರುವ, ಎಲ್ಲರೂ ಬಯಸುವ ಫಲ. ಮಳೆ ಬರಲಿ ಬಿಡಲಿ, ಅಲ್ಲಿ ಇಲ್ಲಿ ಚದುರಿದ ಜನ ಒಂದು ಕಡೆ ಸೇರಿ ‘ನಾವೆಲ್ಲ ಒಂದು’ ಎಂಬ ಭಾವ ಗಟ್ಟಿಯಾಗುತ್ತದಲ್ಲ, ಅದು ಸುಪ್ತ ಕಾರ್ಯ. ಅದನ್ನು ಯಾರೂ ಉದ್ದೇಶಿಸಿರಲಿಲ್ಲ, ಆದದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಪರೀಕ್ಷೆಗೆ ಓದುವ ಹುಡುಗರು ಇಲ್ಲೇ ಎಡವುವುದು. ಮಗನಿಗೆ ಹೆಣ್ಣು ನೋಡಲೆಂದೇ ಊಟದ ಪಂಕ್ತಿಯುದ್ದಕ್ಕೂ ಕಣ್ಣು ಹಾಯಿಸುವ ಅತ್ತೆಯನ್ನು ಸುಪ್ತ ಕಾರ್ಯಕ್ಕೆ ಉದಾಹರಣೆಯಾಗಿ ಬರೆದುಬಿಡುತ್ತಾರೆ. ಅತ್ತೆಯದು ಗುಟ್ಟಾದ ಉದ್ದೇಶ, ಅಷ್ಟೆ. ಅವರಿಗದು ಚೆನ್ನಾಗಿ ಗೊತ್ತು. (ಪಂಕ್ತಿಯಲ್ಲಿ ಕೂತ ಹುಡುಗಿಯರಿಗೂ ಗೊತ್ತು.) ಉದ್ದೇಶ ಮನಸ್ಸಿನೊಳಗಿನ ಮಾತು, ಕಾರ್ಯವೆಂದರೆ ಹೊರಗೆ ನಿಜವಾಗಿ ಆಗುವ ಪರಿಣಾಮ. ಒಂದನ್ನು ಇನ್ನೊಂದೆಂದು ತಿಳಿಯಬಾರದು ಎಂಬುದಕ್ಕೇ ಮರ್ಟನ್ ಈ ಜೋಡಿ ಮಾತುಗಳನ್ನು ತಂದದ್ದು.

ಹಾಗಾದರೆ ಮದುವೆಯಲ್ಲಿ ನಿಜವಾದ ಸುಪ್ತ ಕಾರ್ಯ ಎಲ್ಲಿದೆ? ನನ್ನನ್ನು ಕೇಳಿದರೆ ಮಂಟಪದಲ್ಲಲ್ಲ, ಲಗ್ನಪತ್ರಿಕೆ ಹಂಚುವುದರಲ್ಲಿ. ನಮ್ಮ ಮನೆಗಳಲ್ಲಿ ಮೊದಲು ಹೊರಬರುವುದು ಹಿಂದಿನ ಮದುವೆಯ ಪಟ್ಟಿ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುತ್ತಾ ಅಮ್ಮ ಹೆಸರು ಓದುತ್ತಾರೆ, ದೊಡ್ಡಮ್ಮ ತಿದ್ದುತ್ತಾರೆ. “ಅವರು ಹೋಗಿ ಎರಡು ವರ್ಷ ಆಯ್ತಲ್ಲೇ, ಮಗನ ಹೆಸರಿಗೆ ಬರಿ.” “ಇವರು ಆ ಮನೆ ಮಾರಿ ಮಗಳ ಹತ್ತಿರ ಇದಾರೆ.” “ಅವರನ್ನ ಕರೀಬೇಕಾ? ಜಮೀನಿನ ವಿಷಯಕ್ಕೆ ಮಾತು ಬಿಟ್ಟಿದ್ದೀವಲ್ಲ?” ಕೊನೆಗೆ ಕರೆಯದಿದ್ದರೆ ಊರು ಆಡಿಕೊಳ್ಳುತ್ತದೆಂದು ಅಪ್ಪ ಕುಂಕುಮ, ಅಕ್ಷತೆ ಹಿಡಿದು ಆ ಮನೆಗೂ ಹೋಗುತ್ತಾರೆ. ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವಂತಿಲ್ಲ. ಕಾಫಿ ಬರುವಷ್ಟರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗನಿಗೆ ಕೆಲಸ ಹೋಯಿತು ಎಲ್ಲ ತಿಳಿಯುತ್ತದೆ. ಅಪ್ಪ ಹೋದದ್ದು ಕರೆಯಲು. ಆದದ್ದು ಬಂಧುಬಳಗದ ಜನಗಣತಿ, ಜೊತೆಗೆ ನಿಂತ ಮಾತು ಮತ್ತೆ ಶುರು. ರಾಜಿ ಮಾಡಿಕೊಳ್ಳಲು ಬಂದೆ ಎಂದಿದ್ದರೆ ಇಬ್ಬರೂ ಸೆಟೆದು ನಿಲ್ಲುತ್ತಿದ್ದರು. ಪತ್ರಿಕೆಯ ನೆಪ ಇಬ್ಬರ ಮರ್ಯಾದೆಯನ್ನೂ ಉಳಿಸಿತು.

ಒಂದು ಏರ್ಪಾಡಿನ ಸುಪ್ತ ಕಾರ್ಯ ತಿಳಿಯಲು ಒಳ್ಳೆಯ ದಾರಿ ಅದು ತಪ್ಪಿಹೋದಾಗ ಏನಾಗುತ್ತದೆಂದು ನೋಡುವುದು. 2020ರಲ್ಲಿ ಕೋವಿಡ್ ನಿಯಮ ಮದುವೆಗೆ ಐವತ್ತೇ ಜನ ಎಂದಾಗ ಅದನ್ನೂ ನೋಡಿದೆವು. ತಾಳಿ ಬಿತ್ತು, ಸಪ್ತಪದಿ ಆಯಿತು, ಕಾನೂನಿಗೆ ಕೊರತೆಯಿಲ್ಲ, ಖರ್ಚೂ ಉಳಿಯಿತು. ಆದರೆ ಪಟ್ಟಿ ತಿದ್ದಲಿಲ್ಲ, ಆ ಮುನಿದ ಮನೆಗೆ ಯಾರೂ ಹೋಗಲಿಲ್ಲ.

ಹಾಗಂತ ಸಾವಿರ ಎಲೆಯ ಮದುವೆಯನ್ನು ಹೊಗಳಲು ಮರ್ಟನ್ನರನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ. ಯಾರಿಗೆ ಉಪಯೋಗ ಎಂದು ಕೇಳಲೇಬೇಕು ಎಂದವರೂ ಅವರೇ. ಬಳಗಕ್ಕೆ ಒಗ್ಗಟ್ಟು ತಂದ ಅದೇ ಊಟ ಹೆಣ್ಣಿನ ತಂದೆಯ ತಲೆಗೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತದೆ. ಹೊಸ ಪಟ್ಟಿ ಒಬ್ಬರನ್ನು ಸೇರಿಸುವಾಗಲೇ ಜಾತಿ ಬಿಟ್ಟು ಮದುವೆಯಾದ ಮಗಳ ಹೆಸರನ್ನು ಇನ್ನೊಮ್ಮೆ ಹೊಡೆದುಹಾಕುತ್ತದೆ. ಇದೂ ಪರಿಣಾಮವೇ, ಲೆಕ್ಕಕ್ಕೆ ಹಿಡಿಯಬೇಕು.

ಈಗ ಪತ್ರಿಕೆ ವಾಟ್ಸಾಪಿನಲ್ಲಿ ಬರುತ್ತದೆ. ದಿನ, ಮುಹೂರ್ತ, ಛತ್ರದ ದಾರಿ ಎಲ್ಲ ಸ್ಪಷ್ಟ. ಕರೆಯುವ ಕೆಲಸ ಹಿಂದೆಂದಿಗಿಂತ ಚೊಕ್ಕ, ಕಾಫಿ ಮಾತ್ರ ಇಲ್ಲ. ನಷ್ಟವೇನೆಂದು ಅರಿತ ಕೆಲವು ಕುಟುಂಬಗಳಲ್ಲಿ ಬುದ್ಧಿವಂತರು ಮದುವೆಯ ಗೊಡವೆಯೇ ಬೇಡವೆಂದು ವರ್ಷಕ್ಕೊಮ್ಮೆ ‘ಫ್ಯಾಮಿಲಿ ಗೆಟ್ ಟುಗೆದರ್’ ಇಡುತ್ತಾರೆ. ಎಲ್ಲರೂ ಸೇರುವುದೇ ಉದ್ದೇಶ, ಬಚ್ಚಿಟ್ಟದ್ದೇನೂ ಇಲ್ಲ. ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಆ ದಿನ ಒಬ್ಬರಿಗೆ ಮಗುವಿನ ಪರೀಕ್ಷೆ, ಇನ್ನೊಬ್ಬರಿಗೆ ಸೊಂಟ ನೋವು. ಅದೇ ಸೊಂಟ ನೋವಿನವರು ಮುಂದಿನ ತಿಂಗಳು ಯಾರದೋ ಮದುವೆಗೆ ರಾತ್ರಿ ಬಸ್ಸಿನಲ್ಲಿ ಕೂತು ಬಂದಿರುತ್ತಾರೆ. ಕೇಳಿದರೆ, “ಮದುವೆಗೆ ಬರದೆ ಇರೋಕಾಗುತ್ತೇನೋ?”